ಕೆಂಪು ಗೆರೆ ಈಗಿನದು, ತಲುಪುವ ಹೊತ್ತು ಮುಂದಿನದು: ಮ್ಯಾಪಿನ ಸ್ಕ್ರೀನ್‌ಶಾಟ್ ಓದುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಮಾತಾಡೋಣ. ಶುಕ್ರವಾರ ಸಂಜೆ. ಬೆಂಗಳೂರಿನ ಜಯನಗರ 4ನೇ ಬ್ಲಾಕಿನಿಂದ ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 2ಕ್ಕೆ ಕಾರಿನಲ್ಲಿ ಹೊರಟವರ ಫೋನು. ಅದರಲ್ಲಿ ಗೂಗಲ್ ಮ್ಯಾಪ್ಸ್ ತೆರೆದಿದೆ, ಅದರ ಸ್ಕ್ರೀನ್‌ಶಾಟ್ ಇಲ್ಲಿದೆ ಅಂದುಕೊಳ್ಳಿ. ಅಂಕಿಗಳನ್ನು ಇವತ್ತಿನ ಮಾತಿಗಾಗಿ ನಾನೇ ಜೋಡಿಸಿದ್ದು, ರಸ್ತೆಗಳು ಮಾತ್ರ ನಿಜವಾದವು.

ಚಿತ್ರದಲ್ಲಿ ಏನೇನಿದೆ? ಮೇಲೆ ಎಡಮೂಲೆಯಲ್ಲಿ ಫೋನಿನ ಗಡಿಯಾರ, 5:12. ನಡುವೆ ದಪ್ಪ ನೀಲಿ ಗೆರೆಯೊಂದು ಮೇಖ್ರಿ ವೃತ್ತ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋಗುತ್ತಿದೆ. ಮೇಖ್ರಿ ವೃತ್ತದ ಸುತ್ತ ಆ ಗೆರೆಗೆ ಕಿತ್ತಳೆ ಬಣ್ಣ, ಹೆಬ್ಬಾಳದ ಮೇಲ್ಸೇತುವೆಗೆ ಮುಂಚೆ ಗಾಢ ಕೆಂಪು, ಅಲ್ಲಿಂದ ಮುಂದೆ ಮತ್ತೆ ನೀಲಿ. ಅದರ ಬಲಗಡೆ, ಮಸುಕಾದ ಇನ್ನೊಂದು ಗೆರೆ ಹೆಣ್ಣೂರು, ಕೊತ್ತನೂರು, ಬಾಗಲೂರಿನ ಮೇಲೆ ಹಾದು ವಿಮಾನ ನಿಲ್ದಾಣವನ್ನು ಇನ್ನೊಂದು ಮಗ್ಗುಲಿನಿಂದ ಸೇರುತ್ತದೆ. ಆ ದಾರಿಯಲ್ಲಿ ಗಾಢ ಕೆಂಪು ಎಲ್ಲೂ ಇಲ್ಲ. ಆದರೆ ಕಿತ್ತಳೆ ಬಣ್ಣ ಉದ್ದಕ್ಕೂ ಚಾಚಿದೆ, ನಡುನಡುವೆ ಕೆಂಪು ಚುಕ್ಕೆಗಳು. ಮೊದಲ ದಾರಿಯ ಗುಳ್ಳೆಯಲ್ಲಿ 1 ಗಂಟೆ 31 ನಿಮಿಷ, 40 ಕಿ.ಮೀ. ಎರಡನೆಯದರಲ್ಲಿ 1 ಗಂಟೆ 34 ನಿಮಿಷ, 43 ಕಿ.ಮೀ. ಕೆಳಗೆ ತಲುಪುವ ಸಮಯ 6:43.

ಈ ಚಿತ್ರ ಕೈಗೆ ಬಂದಾಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಗಾಢ ಕೆಂಪನ್ನು ನೋಡಿ ಬೆದರಿ ಹೆಣ್ಣೂರಿನ ಕಡೆ ತಿರುಗಿಸುತ್ತಾರೆ. ಇನ್ನು ಕೆಲವರು ಮೂರು ನಿಮಿಷ ಕಡಿಮೆ ಎಂದು ಬಳ್ಳಾರಿ ರಸ್ತೆಯನ್ನೇ ಹಿಡಿಯುತ್ತಾರೆ. ಇಬ್ಬರೂ ಚಿತ್ರದ ಒಂದೊಂದು ತುದಿಯನ್ನಷ್ಟೇ ಓದಿದ್ದಾರೆ. ಬಣ್ಣ ಹೇಳುವುದು ಒಂದು ಹೊತ್ತಿನ ಕಥೆ, ಅಂಕಿ ಹೇಳುವುದು ಇನ್ನೊಂದು ಹೊತ್ತಿನದು. ಇವತ್ತಿನ ಮಾತೆಲ್ಲ ಇದರ ಮೇಲೆ.

ಮೊದಲು ಚಿತ್ರದ ವಯಸ್ಸು ಕಂಡುಹಿಡಿಯಬೇಕು. ವಾಟ್ಸ್ಆ್ಯಪ್‌ನಲ್ಲಿ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಎಷ್ಟೋ ಸಲ ಮೇಲಿನ ಪಟ್ಟಿ ಕತ್ತರಿಸಿಹೋಗಿರುತ್ತದೆ, ಗಡಿಯಾರ ಕಾಣುವುದಿಲ್ಲ. ಸಂದೇಶ ಬಂದ ಸಮಯವನ್ನೇ ಚಿತ್ರದ ಸಮಯ ಅಂದುಕೊಂಡರೆ ತಪ್ಪಾಗುತ್ತದೆ, ಯಾಕೆಂದರೆ ಅದು ಅರ್ಧ ಗಂಟೆ ಹಿಂದೆ ತೆಗೆದದ್ದಿರಬಹುದು. ಇದಕ್ಕೆ ಸರಳವಾದ ಲೆಕ್ಕವೊಂದಿದೆ. ತಲುಪುವ ಸಮಯದಿಂದ ಉಳಿದ ಅವಧಿಯನ್ನು ಕಳೆಯಿರಿ. 6:43ರಿಂದ 1 ಗಂಟೆ 31 ನಿಮಿಷ ಕಳೆದರೆ 5:12. ಚಿತ್ರ ತೆಗೆದ ಗಳಿಗೆ ಅದೇ. ನಿಮಿಷಗಳನ್ನು ಪೂರ್ಣ ಸಂಖ್ಯೆಗೆ ತಂದಿರುವುದರಿಂದ ಒಂದು ನಿಮಿಷ ಆಚೀಚೆ ಆಗಬಹುದು, ಅಷ್ಟೇ. ಈಗ ನಿಮ್ಮ ಗಡಿಯಾರದಲ್ಲಿ 5:45 ಆಗಿದ್ದರೆ, ಆ ಚಿತ್ರದ ಬಣ್ಣಗಳಿಗೆ 33 ನಿಮಿಷ ವಯಸ್ಸಾಗಿದೆ. ಸಂಜೆಯ ಬೆಂಗಳೂರಿನಲ್ಲಿ ಅದು ಹಳೆಯ ಚಿತ್ರವೇ ಸರಿ. ಲೆಕ್ಕ ಹಾಕಿದಾಗ ಬಂದ ಹೊತ್ತು ಚಿತ್ರದಲ್ಲೇ ಕಾಣುವ ಗಡಿಯಾರಕ್ಕಿಂತ ತುಂಬ ಮುಂದಿದ್ದರೆ, ಕಳಿಸಿದವರು ಮುಂದಿನ ಯಾವುದೋ ಹೊರಡುವ ಸಮಯವನ್ನು ಹಾಕಿ ನೋಡಿದ್ದಾರೆ ಎಂದರ್ಥ.

ಅದೇ ಹೊತ್ತಿಗೆ ವಾಹನದ ಗುರುತನ್ನೂ ನೋಡಿಬಿಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನದ ಆಯ್ಕೆ ಭಾರತದಲ್ಲಿ 2017ರ ಡಿಸೆಂಬರಿನಲ್ಲಿ ಬಂತು. ಅಲ್ಲಿಂದ ಒಂದೇ ದಾರಿಗೆ ಕಾರಿಗೊಂದು ಸಮಯ, ಸ್ಕೂಟರಿಗೊಂದು ಸಮಯ. ಸ್ಕೂಟರಿನಲ್ಲಿ ಓಡಾಡುವ ತಮ್ಮ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಕ್ಕ ಕಾರು ಹತ್ತಿದರೆ ಲೆಕ್ಕ ಆಗಲೇ ತಪ್ಪಿತು. ಮೇಲ್ಭಾಗದಲ್ಲಿ ಕಾರಿನ ಚಿತ್ರವಿದೆಯೋ ಬೈಕಿನದೋ ಎಂದು ನೋಡಲು ಒಂದು ಕ್ಷಣ ಸಾಕು.

ಇನ್ನು ಬಣ್ಣಕ್ಕೆ ಬರೋಣ. ಟ್ರಾಫಿಕ್ ಪದರದಲ್ಲಿ ಹಸಿರು ಎಂದರೆ ತಡವಿಲ್ಲ, ಕಿತ್ತಳೆ ಎಂದರೆ ಮಧ್ಯಮ ದಟ್ಟಣೆ, ಕೆಂಪು ಎಂದರೆ ತಡ. ಕೆಂಪು ಗಾಢವಾದಷ್ಟೂ ವೇಗ ಕಡಿಮೆ. ನಾವು ಆರಿಸಿದ ದಾರಿಯ ಗೆರೆಯಲ್ಲಿ ಹಸಿರಿನ ಜಾಗಕ್ಕೆ ನೀಲಿ ಬರುತ್ತದೆ. ಇಷ್ಟು ನಿಮಗೆಲ್ಲ ಗೊತ್ತಿರುವುದೇ. ಗಮನಕ್ಕೆ ಬಾರದ ಮೂರು ಸಂಗತಿಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು, ಬಣ್ಣ ಎಲ್ಲಿಂದ ಬರುತ್ತದೆ ಎನ್ನುವುದು. ರಸ್ತೆಯಲ್ಲಿ ಓಡುತ್ತಿರುವ ಫೋನುಗಳು ತಾವೆಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಎಂಬುದನ್ನು ಕಳಿಸುತ್ತಿರುತ್ತವೆ. ಹಲವು ಫೋನುಗಳ ವೇಗವನ್ನು ಒಟ್ಟುಮಾಡಿ ಆ ತುಂಡು ರಸ್ತೆಗೆ ಬಣ್ಣ ಕೊಡಲಾಗುತ್ತದೆ. 2020ರಲ್ಲಿ ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 99 ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ನಡೆದರು. ಮ್ಯಾಪಿನಲ್ಲಿ ಆ ಬೀದಿ ಕೆಂಪಾಯಿತು. ಮ್ಯಾಪಿಗೆ ಕಾಣುವುದು ಕಾರುಗಳಲ್ಲ, ಫೋನುಗಳು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದರಿಂದಲೇ ನಮ್ಮ ಚಿತ್ರದ ಒಂದು ತೊಂದರೆ ಅರ್ಥವಾಗುತ್ತದೆ. ಹೆಬ್ಬಾಳದಿಂದ ಯಲಹಂಕದ ಕಡೆಗೆ ಎತ್ತರಿಸಿದ ರಸ್ತೆ ಮೇಲೆ ಹೋಗುತ್ತದೆ, ಅದರ ಕೆಳಗೇ ಸರ್ವಿಸ್ ರಸ್ತೆ. ಫೋನಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುವುದು ಸಹಜ, ಮೇಲೆ ಕೆಳಗೆ ಎಂಬ ವ್ಯತ್ಯಾಸ ಹಿಡಿಯುವುದಂತೂ ಅದಕ್ಕೆ ಇನ್ನೂ ಕಷ್ಟ. ಹಾಗಾಗಿ ಕೆಳಗಿನ ಬಸ್ ನಿಲ್ದಾಣದ ಹತ್ತಿರ ವಾಹನಗಳು ನಿಂತಿದ್ದರೆ ಅದರ ಕೆಂಪು ಮೇಲಿನ ರಸ್ತೆಗೂ ಅಂಟಬಹುದು. ಮೇಲಿನ ರಸ್ತೆ ಸರಾಗವಾಗಿದ್ದು ಕೆಳಗೆ ನಿಂತುಹೋಗಿದ್ದರೆ ಕೆಳಗಿನದೂ ನೀಲಿಯಾಗಿ ಕಾಣಬಹುದು. ಮೇಲ್ಸೇತುವೆ ಹತ್ತಬೇಕೋ ಬೇಡವೋ ಎಂದು ತೋರಿಸುವ ಸೂಚನೆ ಭಾರತದಲ್ಲಿ 2024ರಲ್ಲಿ ಬಂತು. ಅದು ತಿರುವನ್ನು ತೋರಿಸಲು ನೆರವಾಗುತ್ತದೆ, ಕೆಳಗಿನ ಕೆಂಪನ್ನು ಮೇಲಿನದರಿಂದ ಬಿಡಿಸುವ ಕೆಲಸ ಅದರದ್ದಲ್ಲ. ಮೇಲ್ಸೇತುವೆಯ ಬುಡದಲ್ಲಿ ಕಾಣುವ ಬಣ್ಣವನ್ನು ಯಾವಾಗಲೂ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಫೋನುಗಳೇ ಇಲ್ಲದ ರಸ್ತೆಗೂ ಇದು ಅನ್ವಯಿಸುತ್ತದೆ. ಬಾಗಲೂರಿನ ಆಚೆಯ ಒಳದಾರಿಗಳಲ್ಲಿ ರಾತ್ರಿ ಹೊತ್ತು ವಾಹನ ವಿರಳ. ಮಾಹಿತಿ ಸಾಲದಿದ್ದಾಗಲೂ ಆರಿಸಿದ ದಾರಿಯ ಗೆರೆ ನೀಲಿಯಾಗಿಯೇ ಇರುತ್ತದೆ. ಅಂದರೆ ನೀಲಿ ಎಂದರೆ ‘ರಸ್ತೆ ಖಾಲಿ’ ಎಂದೂ ಆಗಬಹುದು, ‘ಈ ರಸ್ತೆಯ ಸುದ್ದಿ ಇಲ್ಲ’ ಎಂದೂ ಆಗಬಹುದು. ಬಿಡಿಸಿ ನೋಡಬೇಕಾದರೆ ದಾರಿಯ ಹುಡುಕಾಟವನ್ನು ಮುಚ್ಚಿ ಬರೀ ಟ್ರಾಫಿಕ್ ಪದರವನ್ನು ಹಾಕಿ. ಆ ರಸ್ತೆಗೆ ಹಸಿರು ಬಂದರೆ ಸುದ್ದಿ ಇದೆ. ಬಣ್ಣವೇ ಬರದಿದ್ದರೆ ಸುದ್ದಿ ಇಲ್ಲ. ಸ್ಕ್ರೀನ್‌ಶಾಟ್ ಮಾತ್ರ ಕೈಯಲ್ಲಿದ್ದರೆ ಇದನ್ನು ತಿಳಿಯಲು ದಾರಿಯಿಲ್ಲ.

ಎರಡು, ಯಾವ ಕಡೆಯ ಬಣ್ಣ ಎನ್ನುವುದು. ಬಳ್ಳಾರಿ ರಸ್ತೆಯಂಥ ಜೋಡಿ ರಸ್ತೆಯಲ್ಲಿ ಹೋಗುವ ಕಡೆಗೊಂದು ಬಣ್ಣ, ಬರುವ ಕಡೆಗೊಂದು ಬಣ್ಣ. ನಮ್ಮಲ್ಲಿ ವಾಹನ ಎಡಗಡೆ ಓಡುವುದರಿಂದ, ಉತ್ತರ ಮೇಲಿರುವ ಮ್ಯಾಪಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವವರ ಪಟ್ಟಿ ರಸ್ತೆಯ ಎಡಬದಿಗೆ, ಅಂದರೆ ಪಶ್ಚಿಮಕ್ಕೆ ಇರುತ್ತದೆ. ಊರಿಗೆ ವಾಪಸಾಗುವವರದು ಬಲಬದಿಗೆ. ಚಿತ್ರವನ್ನು ತುಂಬ ಚಿಕ್ಕದು ಮಾಡಿದಾಗ ಎರಡೂ ಪಟ್ಟಿಗಳು ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಂತೆ ಕಾಣುತ್ತವೆ. ಸಂಜೆ ಹೊತ್ತು ಹೆಬ್ಬಾಳದಲ್ಲಿ ಎದುರುಗಡೆಯ ಕೆಂಪನ್ನು ನಮ್ಮದೆಂದು ಓದುವ ತಪ್ಪು ಹೀಗೆ ಆಗುತ್ತದೆ. ದಾರಿ ಹುಡುಕಿದ ಮೇಲೆ ಬರುವ ದಪ್ಪ ಗೆರೆಯ ಬಣ್ಣ ನಮ್ಮ ಕಡೆಯದೇ, ಅದರಲ್ಲಿ ಗೊಂದಲವಿಲ್ಲ. ಗೊಂದಲವಾಗುವುದು ಬರೀ ಟ್ರಾಫಿಕ್ ಪದರದ ಸ್ಕ್ರೀನ್‌ಶಾಟ್ ಕಳಿಸಿದಾಗ.

ಮೂರನೆಯದೇ ಮುಖ್ಯವಾದದ್ದು: ಗೆರೆಯ ಉದ್ದಕ್ಕೂ ನಾವು ಕಳೆದುಕೊಳ್ಳುವ ಹೊತ್ತಿಗೂ ನೇರ ಸಂಬಂಧವಿಲ್ಲ. ಇದನ್ನು ಅಂಕಿಯಲ್ಲೇ ಮಾಡಿ ನೋಡೋಣ. ಹೆಬ್ಬಾಳಕ್ಕೆ ಮುಂಚೆ 2 ಕಿ.ಮೀ. ಗಾಢ ಕೆಂಪು, ಅಲ್ಲಿ ವಾಹನಗಳು ಗಂಟೆಗೆ 6 ಕಿ.ಮೀ. ವೇಗದಲ್ಲಿ ತೆವಳುತ್ತಿವೆ ಎನ್ನಿ. ಅಷ್ಟು ದೂರಕ್ಕೆ 20 ನಿಮಿಷ. ಹೆಣ್ಣೂರಿನ ದಾರಿಯಲ್ಲಿ 6 ಕಿ.ಮೀ. ಕಿತ್ತಳೆ, ಅಲ್ಲಿ ಗಂಟೆಗೆ 18 ಕಿ.ಮೀ. ವೇಗ ಎನ್ನಿ. ಅದಕ್ಕೂ 20 ನಿಮಿಷವೇ. ಆದರೆ ಎರಡೂ ರಸ್ತೆ ಬಿಡುವಾಗಿದ್ದು 40 ಕಿ.ಮೀ. ವೇಗದಲ್ಲಿ ಹೋಗುವಂತಿದ್ದರೆ, ಕೆಂಪು ತುಂಡಿಗೆ 3 ನಿಮಿಷ, ಕಿತ್ತಳೆ ತುಂಡಿಗೆ 9 ನಿಮಿಷ ಸಾಕಿತ್ತು. ಹಾಗಾದರೆ ಕೆಂಪಿನಿಂದ ಕಳೆದದ್ದು 17 ನಿಮಿಷ, ಕಿತ್ತಳೆಯಿಂದ ಕಳೆದದ್ದು 11 ನಿಮಿಷ. ಕಣ್ಣಿಗೆ ಕಿತ್ತಳೆ ಮೂರು ಪಟ್ಟು ಉದ್ದ ಕಾಣುತ್ತಿದ್ದರೂ ನಷ್ಟ ಅದರಲ್ಲೇ ಕಡಿಮೆ. ಗಾಢ ಕೆಂಪಿನ ಒಂದು ಬೆರಳಗಲ, ಕಿತ್ತಳೆಯ ಮೂರು ಬೆರಳಗಲಕ್ಕಿಂತ ದುಬಾರಿ.

ಹಾಗೆಂದು ಪ್ರತಿ ಕೆಂಪು ಚುಕ್ಕೆಗೂ ಹೆದರಬೇಕಾಗಿಲ್ಲ. ಕೊತ್ತನೂರಿನ ಹತ್ತಿರ ಕಾಣುವ ಆ ಚಿಕ್ಕ ಚುಕ್ಕೆಗಳನ್ನು ನೋಡಿ. ಒಂದೊಂದೂ ವೃತ್ತಕ್ಕೋ ಸಿಗ್ನಲ್ಲಿಗೋ ನೂರಿನ್ನೂರು ಮೀಟರ್ ಹಿಂದೆ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಅದು ಸಿಗ್ನಲ್ಲಿಗೆ ಕಾದು ನಿಂತ ಸಾಲು. ಕೂಡುರಸ್ತೆ ದಾಟಿದ ಮೇಲೂ ಕೆಂಪು ಮುಂದುವರಿದಿದ್ದರೆ ಆಗ ತೊಂದರೆ ಸಿಗ್ನಲ್ಲಿನದಲ್ಲ, ಅದಕ್ಕೂ ಮುಂದೆ ಏನೋ ಕಟ್ಟಿಕೊಂಡಿದೆ. ಕೆಂಪು ಎಲ್ಲಿ ಶುರುವಾಯಿತು ಎನ್ನುವುದಕ್ಕಿಂತ ಎಲ್ಲಿ ಮುಗಿಯಿತು ಎನ್ನುವುದನ್ನು ನೋಡಿ. ಅಡ್ಡಿ ಇರುವುದು ಮುಗಿಯುವ ಜಾಗದಲ್ಲಿ. ಕೆಂಪಿನ ಮುಂತುದಿಯಲ್ಲಿ ಅಪಘಾತದ ಗುರುತೋ ಕಾಮಗಾರಿಯ ಗುರುತೋ ಇದೆಯೇ ಎಂದು ಹುಡುಕಿ. ಅಪಘಾತವಾದರೆ ಗಾಡಿ ತೆಗೆದೊಡನೆ ಸಡಿಲವಾಗುತ್ತದೆ. ಕಾಮಗಾರಿಯಾದರೆ ಇವತ್ತು ಸಂಜೆ ಅದು ಹೋಗುವುದಿಲ್ಲ.

ಈಗ ಅಂಕಿಗೆ ಬರೋಣ. 5:12ಕ್ಕೆ ಹೆಬ್ಬಾಳ ಕೆಂಪಾಗಿದೆ. ಆದರೆ ನೀವು 5:12ಕ್ಕೆ ಇರುವುದು ಜಯನಗರದಲ್ಲಿ. ಊರಿನ ನಡುವೆ ಹಾದು ಹೆಬ್ಬಾಳಕ್ಕೆ ಬರುವಷ್ಟರಲ್ಲಿ ಆರು ಗಂಟೆಯಾಗಿರುತ್ತದೆ. ಈಗ ಅಲ್ಲಿ ಸಿಕ್ಕಿಕೊಂಡಿರುವ ಕಾರುಗಳು ಆಗ ದೇವನಹಳ್ಳಿ ದಾಟಿರುತ್ತವೆ. ಆರು ಗಂಟೆಗೆ ಅಲ್ಲಿ ಇರುವುದು ಬೇರೆಯದೇ ಸಾಲು. ಬಣ್ಣ ಆ ಸಾಲಿನ ಬಗ್ಗೆ ಏನೂ ಹೇಳುವುದಿಲ್ಲ.

ಹೇಳುವುದು 1 ಗಂಟೆ 31 ನಿಮಿಷ ಎಂಬ ಅಂಕಿ. ಅದು ಈಗಿನ ವೇಗಗಳನ್ನು ಕೂಡಿಸಿ ಬರೆದ ಮೊತ್ತವಲ್ಲ. ಈಗಿನ ವೇಗದ ಜೊತೆಗೆ, ಆ ರಸ್ತೆಯಲ್ಲಿ ವಾರದ ಅದೇ ದಿನ ಅದೇ ಹೊತ್ತಿಗೆ ಹಿಂದೆಲ್ಲ ಹೇಗಿತ್ತು ಎನ್ನುವುದನ್ನೂ ಸೇರಿಸಿ ಮಾಡಿದ ಅಂದಾಜು. 2020ರಲ್ಲಿ ಗೂಗಲ್ ತನ್ನ ಡೀಪ್‌ಮೈಂಡ್ ಎಂಬ ಸೋದರ ಸಂಸ್ಥೆಯ ಜೊತೆ ಸೇರಿ ಇದನ್ನು ಮಾಡುವ ಬಗೆಯನ್ನು ವಿವರಿಸಿತ್ತು. ಒಟ್ಟಿಗೆ ದಟ್ಟಣೆ ಹಂಚಿಕೊಳ್ಳುವ ಅಕ್ಕಪಕ್ಕದ ರಸ್ತೆ ತುಂಡುಗಳನ್ನು ಸೂಪರ್‌ಸೆಗ್ಮೆಂಟ್ ಎಂದು ಒಂದು ಗುಂಪು ಮಾಡಿ, ಆ ಗುಂಪನ್ನು ದಾಟಲು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಷ್ಟು ಸಮಯ ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹತ್ತಿರದ ತುಂಡುಗಳಿಗೆ ಈಗಿನ ವೇಗವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದೂರದ ತುಂಡುಗಳಿಗೆ ಹಳೆಯ ವಾಡಿಕೆಯೇ ಆಧಾರ.

ಬಣ್ಣಕ್ಕೂ ಅಂಕಿಗೂ ತಾಳೆಯಾಗದಂತೆ ಕಾಣುವುದು ಇದೇ ಕಾರಣಕ್ಕೆ. ದಾರಿಯೆಲ್ಲ ನೀಲಿ ಇದ್ದರೂ ಸಮಯ ಜಾಸ್ತಿ ತೋರಿಸಿದರೆ, ಮುಂದೆ ದಟ್ಟಣೆ ಏರುವ ಹೊತ್ತಿಗೆ ನೀವು ಅಲ್ಲಿರುತ್ತೀರಿ ಎಂದು ಅದು ಎಣಿಸಿದೆ. ಕೆಂಪು ತುಂಬ ಇದ್ದರೂ ಸಮಯ ಅಷ್ಟೇನೂ ಏರದಿದ್ದರೆ, ನೀವು ಹೋಗುವಷ್ಟರಲ್ಲಿ ಅದು ಕರಗುತ್ತದೆ ಎಂದು ಎಣಿಸಿದೆ. ಮಾಮೂಲಿ ಶುಕ್ರವಾರಗಳಲ್ಲಿ ಈ ಎಣಿಕೆ ಚೆನ್ನಾಗಿಯೇ ನಡೆಯುತ್ತದೆ. ಅದು ಕೈಕೊಡುವುದು ವಾಡಿಕೆ ಮುರಿದ ದಿನ. ಐದೂವರೆಗೆ ಜೋರು ಮಳೆ ಬಂದು ಕೆಳಸೇತುವೆಯಲ್ಲಿ ನೀರು ನಿಂತರೆ, ಗಣ್ಯರ ಓಡಾಟಕ್ಕೆ ರಸ್ತೆ ತಡೆದರೆ, ದೀರ್ಘ ರಜೆಯ ಮುಂಚಿನ ಸಂಜೆ ಊರೇ ಹೊರಟರೆ, 5:12ರ ಅಂಕಿಗೆ ಅದರ ಸುಳಿವು ಇರುವುದಿಲ್ಲ.

ಈಗ ಆ ಮೂರು ನಿಮಿಷದ ವ್ಯತ್ಯಾಸವನ್ನು ತೂಗಿ ನೋಡೋಣ. 91 ನಿಮಿಷ ಮತ್ತು 94 ನಿಮಿಷ. ಒಂದೂವರೆ ಗಂಟೆಯ ಅಂದಾಜಿನಲ್ಲಿ ಮೂರು ನಿಮಿಷ ಎಂದರೆ ಎರಡು ಸಿಗ್ನಲ್ ಕೈತಪ್ಪುವಷ್ಟು. ಇಷ್ಟು ಹತ್ತಿರದ ಎರಡು ಅಂಕಿಗಳು ಬಂದಾಗ ಅವನ್ನು ಸಮ ಎಂದೇ ಓದುವುದು ಒಳ್ಳೆಯದು. ವ್ಯತ್ಯಾಸ ಚಿಕ್ಕದಾದಾಗ ಮ್ಯಾಪೇ ಪರ್ಯಾಯ ದಾರಿಯ ಗುಳ್ಳೆಯಲ್ಲಿ `Similar ETA` ಎಂದು ಬರೆಯುತ್ತದೆ. ಅಂದರೆ ಯಾವುದು ಮೊದಲು ತಲುಪಿಸುತ್ತದೆ ಎಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು. ಮುಂದಿನ ಪ್ರಶ್ನೆ ಬೇರೆ: ಯಾವ ದಾರಿ ಹೆಚ್ಚು ತಡಮಾಡುವ ಸಾಧ್ಯತೆ ಇದೆ?

ಇದಕ್ಕೆ ಉತ್ತರ ಸ್ಕ್ರೀನ್‌ಶಾಟಿನಲ್ಲಿಲ್ಲ, ಆದರೆ ಅದೇ ಫೋನಿನಲ್ಲಿದೆ. ದಾರಿ ಹುಡುಕಿದ ಮೇಲೆ, ಹೊರಡುವ ಸಮಯ ಹಾಕುವ ಆಯ್ಕೆಗೆ ಹೋಗಿ ಸಮಯ ಹಾಕಿ. ಆಗ ಒಂದೇ ಅಂಕಿಯ ಬದಲು ‘ಇಷ್ಟರಿಂದ ಇಷ್ಟರವರೆಗೆ’ ಎಂಬ ವ್ಯಾಪ್ತಿ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಬಳ್ಳಾರಿ ರಸ್ತೆಗೆ 1 ಗಂಟೆ 10 ನಿಮಿಷದಿಂದ 2 ಗಂಟೆ 10 ನಿಮಿಷ, ಹೆಣ್ಣೂರಿಗೆ 1 ಗಂಟೆ 15 ನಿಮಿಷದಿಂದ 1 ಗಂಟೆ 55 ನಿಮಿಷ ಬಂತು ಎನ್ನಿ. ನಡುವಿನ ಅಂಕಿಗಳು ಹತ್ತಿರ ಹತ್ತಿರವೇ ಇವೆ, ಮೇಲಿನ ತುದಿಗಳಲ್ಲಿ ಮಾತ್ರ 15 ನಿಮಿಷದ ಅಂತರ. ಇದಕ್ಕೆ ಕಾರಣವನ್ನು ಚಿತ್ರದಲ್ಲೇ ಊಹಿಸಬಹುದಿತ್ತು. ಬಳ್ಳಾರಿ ರಸ್ತೆಯ ದಾರಿ ಒಂದೇ ಇಕ್ಕಟ್ಟಿನ ಜಾಗದ ಮೇಲೆ ನಿಂತಿದೆ, ಅದು ಹೆಬ್ಬಾಳ. ಅಲ್ಲಿ ಸರಾಗವಾದರೆ ಆಮೇಲೆ ಅಗಲವಾದ ಹೆದ್ದಾರಿ. ಕಟ್ಟಿಕೊಂಡರೆ ಬೇರೆಲ್ಲೂ ಅದನ್ನು ತುಂಬಿಕೊಳ್ಳಲು ಆಗುವುದಿಲ್ಲ. ಹೆಣ್ಣೂರಿನದು ಕಿರಿದಾದ ರಸ್ತೆ, ಆದರೆ ಅಲ್ಲಿನ ನಿಧಾನ ದಿನನಿತ್ಯದ್ದು, ಹಾಗಾಗಿ ಮೊದಲೇ ಊಹಿಸಬಹುದು.

ತಂತ್ರಾಂಶ ಬರೆಯುವವರು ಇಲ್ಲಿದ್ದರೆ ಒಂದು ಮಾತು. ಗೂಗಲ್‌ನ ರೂಟ್ಸ್ ಸೇವೆಯಲ್ಲಿ ಇದೇ ಪ್ರಶ್ನೆಯನ್ನು ನೇರವಾಗಿ ಕೇಳಬಹುದು. `routingPreference` ಅನ್ನು `TRAFFIC_AWARE_OPTIMAL` ಎಂದು ಇಟ್ಟರೆ ಟ್ರಾಫಿಕ್ ಮಾದರಿಗೆ ಮೂರು ಆಯ್ಕೆಗಳು ಸಿಗುತ್ತವೆ: `BEST_GUESS`, `OPTIMISTIC`, `PESSIMISTIC`. ಒಂದೇ ದಾರಿಗೆ ಮೂರು ಉತ್ತರ ಪಡೆದರೆ ಅಂತರ ಕಣ್ಣಿಗೆ ಕಾಣುತ್ತದೆ. ಉತ್ತರದಲ್ಲಿ ಬರುವ `duration` ದಟ್ಟಣೆ ಸೇರಿದ ಸಮಯ, `staticDuration` ದಟ್ಟಣೆ ಲೆಕ್ಕಕ್ಕೆ ಹಿಡಿಯದ ಸಮಯ. ಎರಡರ ವ್ಯತ್ಯಾಸವೇ ಆ ದಾರಿಯಲ್ಲಿ ಆಗುವ ತಡ. ಉಳಿದವರು ಇದನ್ನು ಬಿಟ್ಟು ಮುಂದೆ ಬನ್ನಿ.

ವಿಮಾನ ಹಿಡಿಯುವವರು ಟರ್ಮಿನಲ್ಲಿನಲ್ಲಿ 7 ಗಂಟೆಗೆ ಇರಬೇಕು ಅಂದುಕೊಳ್ಳಿ. 6:43 ಎಂಬ ಅಂಕಿ ನೋಡಿದರೆ 17 ನಿಮಿಷ ಕೈಯಲ್ಲಿದೆ ಎಂದು ಸಮಾಧಾನವಾಗುತ್ತದೆ. ಆದರೆ ಮೇಲಿನ ತುದಿಯಿಂದ ಲೆಕ್ಕ ಹಾಕಿದರೆ ಬಳ್ಳಾರಿ ರಸ್ತೆಯಲ್ಲಿ 7:22, ಹೆಣ್ಣೂರಿನಲ್ಲಿ 7:07. ಎರಡೂ 7 ದಾಟಿದವು. ಇದನ್ನೇ ತಿರುಗಿಸಿ ಕೇಳಿಕೊಳ್ಳಿ: 7ಕ್ಕೆ ಖಂಡಿತ ಇರಬೇಕಾದರೆ ಯಾವಾಗ ಹೊರಡಬೇಕಿತ್ತು? ಹೆಣ್ಣೂರಿನ ದಾರಿಗೆ 5:05, ಬಳ್ಳಾರಿ ರಸ್ತೆಗೆ 4:50. ಹೀಗೆ ನೋಡಿದರೆ ಮೂರು ನಿಮಿಷ ಹೆಚ್ಚು ತೋರಿಸಿದ ದಾರಿಯೇ ಇವರಿಗೆ ಒಳ್ಳೆಯದು. ಅದೇ ಸಂಜೆ ನೆಂಟರನ್ನು ಕರೆತರಲು ಹೋಗುವವರಿಗೆ, ಹತ್ತಿಪ್ಪತ್ತು ನಿಮಿಷ ಕಾದರೂ ಚಿಂತೆಯಿಲ್ಲದವರಿಗೆ, ಬಳ್ಳಾರಿ ರಸ್ತೆ ಏನೂ ತಪ್ಪಲ್ಲ. ಒಂದೇ ಸ್ಕ್ರೀನ್‌ಶಾಟಿಗೆ ಎರಡು ಸರಿಯುತ್ತರ ಇರಬಹುದು. ಒಂದು ಎಚ್ಚರಿಕೆ: ವ್ಯಾಪ್ತಿ ಹೊರಡುವ ಸಮಯದ ಜೊತೆ ಬದಲಾಗುತ್ತದೆ. 4:50ಕ್ಕೆ ಹೊರಡುವುದಾದರೆ 4:50 ಎಂದೇ ಹಾಕಿ ಮತ್ತೆ ನೋಡಿ, 5:12ರ ವ್ಯಾಪ್ತಿಯನ್ನು ಅಲ್ಲಿಗೆ ಎಳೆಯಬೇಡಿ.

ಇನ್ನೊಂದು ವಿಷಯ, ಮ್ಯಾಪಿನ ಸಮಯ ಮುಗಿಯುವುದು ಗುರಿಯ ಗುರುತು ನೆಟ್ಟ ಜಾಗದಲ್ಲಿ. ವಿಮಾನ ನಿಲ್ದಾಣ ಎಂದಷ್ಟೇ ಹಾಕಿದರೆ ಗುರುತು ಟರ್ಮಿನಲ್ 1ರ ಬಳಿ ಬಿದ್ದಿರಬಹುದು. ನಿಮ್ಮ ವಿಮಾನ ಟರ್ಮಿನಲ್ 2ರಿಂದ ಇರಬಹುದು. ಟಿಕೆಟ್ಟಿನಲ್ಲಿ ಟರ್ಮಿನಲ್ ನೋಡಿ, ಅದನ್ನೇ ಬರೆದು ಹುಡುಕಿ. ಪಾರ್ಕಿಂಗ್, ಸಾಮಾನು ಇಳಿಸುವುದು, ಬಾಗಿಲ ಬಳಿಯ ಸಾಲು, ಇವು ಯಾವುವೂ ಆ 91 ನಿಮಿಷದಲ್ಲಿ ಸೇರಿಲ್ಲ.

ಹೊರಟ ಮೇಲೆ ಏನು ನೋಡಬೇಕು? ತಲುಪುವ ಸಮಯವನ್ನು ಮಾತ್ರ. ಉಳಿದ ಅವಧಿ ಹೇಗೂ ಇಳಿಯುತ್ತಲೇ ಇರುತ್ತದೆ, ಅದು ಇಳಿಯುವುದು ಕಂಡು ಮುಂದೆ ಸಾಗುತ್ತಿದ್ದೇವೆ ಎನಿಸುತ್ತದೆ. 12 ನಿಮಿಷ ಬಿಟ್ಟು, 5:24ಕ್ಕೆ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದಿರಿ. ಉಳಿದದ್ದು 1 ಗಂಟೆ 25 ನಿಮಿಷ, ತಲುಪುವುದು 6:49. ಹನ್ನೆರಡು ನಿಮಿಷ ಓಡಿಸಿ ಆರೇ ನಿಮಿಷ ಕಳೆಯಿತು, ತಲುಪುವ ಹೊತ್ತು ಆರು ನಿಮಿಷ ಮುಂದಕ್ಕೆ ಸರಿಯಿತು. ಒಂದು ಸಲ ಸರಿದರೆ ಸಿಗ್ನಲ್ಲಿನ ಪ್ರಭಾವ ಇರಬಹುದು. ಇನ್ನೂ ಹತ್ತು ನಿಮಿಷ ಬಿಟ್ಟಾಗ ಮತ್ತೆ ಐದು ನಿಮಿಷ ಸರಿದಿದ್ದರೆ ವಾಡಿಕೆ ಮುರಿದಿದೆ, ಅಂದಾಜು ನಿಜದ ಹಿಂದೆ ಓಡುತ್ತಿದೆ ಎಂದು ತಿಳಿಯಿರಿ. ಆಗ ಪರ್ಯಾಯ ದಾರಿಯ ಗುಳ್ಳೆಯನ್ನು ಗಮನಿಸಬೇಕು. ಓಡಿಸುವವರಲ್ಲ, ಪಕ್ಕದಲ್ಲಿ ಕೂತವರು.

ಚಾಲನೆಯಲ್ಲಿರುವಾಗ ಆ ಗುಳ್ಳೆಯಲ್ಲಿ ಪೂರ್ತಿ ಸಮಯದ ಬದಲು ವ್ಯತ್ಯಾಸ ಬರುತ್ತದೆ, ಇಷ್ಟು ನಿಮಿಷ ನಿಧಾನ ಎಂದು. ಅದು ನೀವಿರುವ ಜಾಗದಿಂದ ಹಿಡಿದ ಲೆಕ್ಕ. ಎರಡು ದಾರಿಗಳಿಗೂ ಸಮಾನವಾದ ಮೊದಲ ತುಂಡಿನಲ್ಲಿ ಎಷ್ಟು ತಡವಾದರೂ ಆ ವ್ಯತ್ಯಾಸ ಬದಲಾಗುವುದಿಲ್ಲ, ಅದು ಎರಡಕ್ಕೂ ಕೂಡುತ್ತದೆ. ಹಾಗಾಗಿ ಜಯನಗರದ ಒಳಗೆ ನಿಂತುಕೊಂಡು ಹೆಣ್ಣೂರೋ ಹೆಬ್ಬಾಳವೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದಾರಿಗಳು ಕವಲೊಡೆಯುವ ಜಾಗ ಚಿತ್ರದಲ್ಲಿ ಕಾಣುತ್ತದೆ. ಅಲ್ಲಿಗೆ ಐದು ನಿಮಿಷ ಮುಂಚೆ ಹೊಸದಾಗಿ ನೋಡಿ ತೀರ್ಮಾನ ಮಾಡಿ. ಕವಲು ದಾಟಿದ ಮೇಲೆ ಆ ಗುಳ್ಳೆ ಮಾಯವಾಗುತ್ತದೆ ಅಥವಾ ವಾಪಸು ತಿರುಗುವ ಸಮಯ ಸೇರಿ ದೊಡ್ಡದಾಗುತ್ತದೆ. ಮೊದಲು ನೋಡಿದ ಮೂರು ನಿಮಿಷ ಆಗ ಲೆಕ್ಕಕ್ಕಿಲ್ಲ.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: “ಸರ್, ಕ್ಯಾಬ್ ಚಾಲಕರ ಫೋನಿನಲ್ಲಿ ಒಂದು ಸಮಯ, ನನ್ನ ಫೋನಿನಲ್ಲಿ ಇನ್ನೊಂದು. ಯಾವುದನ್ನು ನಂಬಲಿ?”

ಮೊದಲು ಎರಡೂ ಒಂದೇ ಪ್ರಶ್ನೆಗೆ ಉತ್ತರವೇ ಎಂದು ನೋಡಿ. ಬೇರೆ ಬೇರೆ ಆ್ಯಪ್‌ಗಳಾದರೆ ಅವುಗಳಿಗೆ ವೇಗದ ಸುದ್ದಿ ಕೊಡುವ ಫೋನುಗಳೂ ಬೇರೆ. ಓಲಾ 2024ರಲ್ಲಿ ತನ್ನದೇ ಓಲಾ ಮ್ಯಾಪ್ಸ್‌ಗೆ ಬದಲಾಯಿತು, ಮ್ಯಾಪಲ್ಸ್‌ನ ನಕ್ಷೆ ಬೇರೆ, ಗೂಗಲ್‌ನದು ಬೇರೆ. ಒಂದೇ ಆ್ಯಪ್ ಆಗಿದ್ದರೂ ಅವರು ಟೋಲ್ ತಪ್ಪಿಸುವ ಆಯ್ಕೆ ಹಾಕಿರಬಹುದು. ಇಂಧನ ಉಳಿಸುವ ದಾರಿಗೆ ಎಲೆಯ ಗುರುತು ಇರುತ್ತದೆ. ಅದು ಮೊದಲು ಬಂದಿದ್ದರೂ ಎಲ್ಲಕ್ಕಿಂತ ಬೇಗದ್ದು ಎಂದು ತಿಳಿಯಬೇಡಿ. ಶುರುವಿನ ಜಾಗದಲ್ಲೂ ವ್ಯತ್ಯಾಸವಾಗುತ್ತದೆ. ನಿಮ್ಮ ಫೋನಿನ ಚುಕ್ಕೆ ರಸ್ತೆಯ ಆಚೆಬದಿಯಲ್ಲಿ ಕೂತಿದ್ದರೆ ಮುಂದಿನ ಯೂ-ಟರ್ನ್‌ವರೆಗೆ ಹೋಗಿ ಬರುವ ಸಮಯ ಅದರಲ್ಲಿ ಸೇರಿಬಿಡುತ್ತದೆ. ಇಷ್ಟನ್ನು ಸರಿಮಾಡಿದ ಮೇಲೂ ಐದಾರು ನಿಮಿಷದ ವ್ಯತ್ಯಾಸ ಉಳಿದರೆ, ಅದು ಎರಡು ಅಂದಾಜುಗಳ ನಡುವಿನ ಸಹಜ ಅಂತರ. ಇಪ್ಪತ್ತು ನಿಮಿಷದ ವ್ಯತ್ಯಾಸ ಕಂಡರೆ ದಾರಿಯೇ ಬೇರೆ ಇದೆ, ಗೆರೆಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ಅಗಲುತ್ತವೆ ನೋಡಿ.

ಇನ್ನೊಬ್ಬರ ಪ್ರಶ್ನೆ: “ಅಮ್ಮ ವಿಮಾನ ನಿಲ್ದಾಣದಲ್ಲಿ ಕಾಯುತ್ತಿರುತ್ತಾರೆ. ಸ್ಕ್ರೀನ್‌ಶಾಟ್ ಕಳಿಸಿದರೆ ಇನ್ನಷ್ಟು ಗಾಬರಿಯಾಗುತ್ತಾರೆ. ಏನು ಕಳಿಸಲಿ?”

ಚಾಲನೆ ಶುರುವಾದ ಮೇಲೆ ಕೆಳಗಿನ ಪಟ್ಟಿಯನ್ನು ಮೇಲೆಳೆದರೆ ಪ್ರಯಾಣದ ಸ್ಥಿತಿ ಹಂಚಿಕೊಳ್ಳುವ ಆಯ್ಕೆ ಸಿಗುತ್ತದೆ, ಇಂಗ್ಲಿಷಿನಲ್ಲಿಟ್ಟ ಫೋನಿನಲ್ಲಿ `Share trip progress`. ಅದರಿಂದ ಹೋಗುವ ಲಿಂಕನ್ನು ಅಮ್ಮ ಒತ್ತಿದರೆ ನಿಮ್ಮ ಕಾರು ಎಲ್ಲಿದೆ, ತಲುಪುವ ಹೊತ್ತು ಎಷ್ಟು ಎನ್ನುವುದು ಆಗಾಗ ಬದಲಾಗುತ್ತಾ ಕಾಣುತ್ತದೆ, ನೀವು ತಲುಪಿದೊಡನೆ ತಾನೇ ನಿಲ್ಲುತ್ತದೆ. ಲಿಂಕ್ ಒತ್ತಲು ಬಾರದವರಿಗಾದರೆ ಸ್ಕ್ರೀನ್‌ಶಾಟ್ ಬೇಡ, ಒಂದು ಸಾಲು ಬರೆದು ಕಳಿಸಿ: “ಈಗ 5:24, ಹೆಣ್ಣೂರು ದಾರಿಯಲ್ಲಿ ಬರ್ತಾ ಇದೀವಿ, ಏಳು ಗಂಟೆ ಆಗಬಹುದು.” ಹೆಬ್ಬಾಳವನ್ನೋ ಹೆಣ್ಣೂರನ್ನೋ ದಾಟಿದ ಮೇಲೆ ಮತ್ತೊಂದು ಸಾಲು ಕಳಿಸಿದರೆ ಸಾಕು.